ಸಂಬಳದಲ್ಲಿ ಕಡಿತವಾದ ಎಲ್‌ಐಸಿ ಕಂತು ಪ್ರಮಾಣಪತ್ರದಲ್ಲಿ ಇಲ್ಲದಿದ್ದರೆ: ದೋಷ ಪತ್ತೆ ಮತ್ತು ಬರೆಯಬೇಕಾದ ಪತ್ರ

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಹೊತ್ತಿಗೆ ಎಲ್‌ಐಸಿಯಿಂದ ಪ್ರೀಮಿಯಂ ಪಾವತಿ ಪ್ರಮಾಣಪತ್ರ ತರಿಸಿ ನೋಡಿದರೆ ಹನ್ನೆರಡು ಕಂತು ಇರಬೇಕಾದ ಕಡೆ ಒಂಬತ್ತೋ ಹತ್ತೋ ಇರುತ್ತವೆ. ಸಂಬಳದ ಚೀಟಿಯಲ್ಲಿ ಮಾತ್ರ ಹನ್ನೆರಡು ತಿಂಗಳೂ ಕಡಿತ ಆಗಿರುತ್ತದೆ. ವೇತನ ಉಳಿತಾಯ ಯೋಜನೆ, ಅಂದರೆ ಎಸ್‌ಎಸ್‌ಎಸ್ ಅಡಿಯಲ್ಲಿ ಪಾಲಿಸಿ ಮಾಡಿಸಿರುವ ಶಿಕ್ಷಕರು, ಪೊಲೀಸರು, ಸಾರಿಗೆ ನೌಕರರು, ಕಚೇರಿ ಸಿಬ್ಬಂದಿಗೆ ಈ ತೊಂದರೆ ಹೊಸದಲ್ಲ. ಕೈಯಿಂದ ಕಟ್ಟುವ ಪಾಲಿಸಿಯಲ್ಲಿ ರಸೀದಿ ನಮ್ಮ ಬಳಿಯೇ ಇರುತ್ತದೆ. ಎಸ್‌ಎಸ್‌ಎಸ್‌ನಲ್ಲಿ ನಮ್ಮ ಹಣ ಇನ್ನೊಬ್ಬರ ಕೈಯಿಂದ ಹೋಗುತ್ತದೆ, ಕಂತಿಗೆ ರಸೀದಿಯೂ ಬರುವುದಿಲ್ಲ. ಹಾಗಾಗಿ ಕಂತು ತಪ್ಪಿದ್ದು ಗೊತ್ತಾಗುವುದೇ ವರ್ಷಕ್ಕೊಮ್ಮೆ ಈ ಪ್ರಮಾಣಪತ್ರ ಕೈಗೆ ಬಂದಾಗ.

ಹೀಗಾದಾಗ ಬಹುತೇಕರು "ದಯವಿಟ್ಟು ಪ್ರೀಮಿಯಂ ಸರ್ಟಿಫಿಕೇಟ್ ಕೊಡಿ" ಎಂದು ಒಂದು ಸಾಲಿನ ಪತ್ರ ಬರೆದು ಶಾಖೆಗೆ ಕೊಡುತ್ತಾರೆ. ಶಾಖೆಯವರು ಕಂಪ್ಯೂಟರಿನಲ್ಲಿ ಇದ್ದದ್ದನ್ನೇ ಮತ್ತೆ ಮುದ್ರಿಸಿ ಕೊಡುತ್ತಾರೆ. ಅದೇ ಒಂಬತ್ತು ಕಂತು. ಪತ್ರ ಕೆಲಸ ಮಾಡಬೇಕಾದರೆ ಕಂತು ಎಲ್ಲಿ ನಿಂತಿದೆ ಎಂಬುದನ್ನು ನಾವು ಮೊದಲು ಗೊತ್ತುಮಾಡಿಕೊಂಡಿರಬೇಕು.

ಮೊದಲು, ಇದು ನಿಜವಾದ ದೋಷವೇ?

ಸಂಬಳದ ಚೀಟಿಯಲ್ಲಿರುವ ವಿಮೆಯ ಮೊತ್ತವನ್ನೆಲ್ಲ ಕೂಡಿಸಿ ಎಲ್‌ಐಸಿ ಪ್ರಮಾಣಪತ್ರದ ಜೊತೆ ಹೋಲಿಸಬೇಡಿ. ಕರ್ನಾಟಕ ಸರ್ಕಾರಿ ನೌಕರರ ಸಂಬಳದಲ್ಲಿ ಕೆಜಿಐಡಿ ಕಂತು ಬೇರೆ, ಎಲ್‌ಐಸಿ ಕಂತು ಬೇರೆ. ಕೆಜಿಐಡಿ ಎಂಬುದು ರಾಜ್ಯ ಸರ್ಕಾರದ್ದೇ ವಿಮಾ ಇಲಾಖೆ. ಅದರ ಕಂತಿಗೂ 80ಸಿ ವಿನಾಯಿತಿ ಇದೆ, ಆದರೆ ಅದರ ಲೆಕ್ಕ ಎಲ್‌ಐಸಿಯ ಯಾವ ಕಾಗದದಲ್ಲೂ ಬರುವುದಿಲ್ಲ. ಎಲ್‌ಐಸಿಯಲ್ಲೇ ಎರಡು ಮೂರು ಪಾಲಿಸಿಗಳಿದ್ದರೂ ಒಂದೊಂದನ್ನೂ ಪಾಲಿಸಿ ಸಂಖ್ಯೆಯ ಪ್ರಕಾರ ಬೇರೆ ಬೇರೆಯಾಗಿ ನೋಡಬೇಕು. ಒಟ್ಟು ಮೊತ್ತ ನೋಡಿದರೆ ಯಾವ ಪಾಲಿಸಿಯಲ್ಲಿ ಕಂತು ತಪ್ಪಿದೆ ಎಂಬುದು ಮುಚ್ಚಿಹೋಗುತ್ತದೆ.

ಆಮೇಲೆ ಕಾಣೆಯಾದ ತಿಂಗಳು ಯಾವುದು ಎಂದು ನೋಡಿ. ಇಡೀ ಪರಿಶೀಲನೆಯಲ್ಲಿ ಅತಿ ಹೆಚ್ಚು ಸುಳಿವು ಕೊಡುವ ಸಂಗತಿ ಇದೇ. ಕೊನೆಯ ತಿಂಗಳು, ಅಂದರೆ ಫೆಬ್ರವರಿ ಅಥವಾ ಮಾರ್ಚ್ ಮಾತ್ರ ಇಲ್ಲದಿದ್ದರೆ ಹೆಚ್ಚಿನ ಸಂದರ್ಭದಲ್ಲಿ ಅದು ತಡವೇ ಹೊರತು ದೋಷವಲ್ಲ. ಕಚೇರಿ ಸಂಬಳದಿಂದ ಕಡಿದ ಹಣವನ್ನು ಆಮೇಲೆ ರವಾನಿಸುತ್ತದೆ. ಶಾಖೆ ಪಟ್ಟಿಯ ಜೊತೆ ತಾಳೆ ನೋಡಿ ಒಂದೊಂದೇ ಪಾಲಿಸಿಗೆ ಜಮಾ ಮಾಡುತ್ತದೆ. ಏಪ್ರಿಲ್ ಮೊದಲ ವಾರದಲ್ಲೇ ಪ್ರಮಾಣಪತ್ರ ತೆಗೆದರೆ ಮಾರ್ಚ್ ಕಂತು ಅದರಲ್ಲಿ ಇಲ್ಲದಿರುವುದು ಸಹಜ. ರಿಟರ್ನ್‌ಗೆ ಜುಲೈ 31ರವರೆಗೆ ಸಮಯ ಇರುವುದರಿಂದ ಮೇ ತಿಂಗಳ ಮಧ್ಯದಲ್ಲಿ ಇನ್ನೊಮ್ಮೆ ತೆಗೆದು ನೋಡಿದರೆ ಸಾಕು.

ಜುಲೈ ಇದೆ, ನವೆಂಬರ್ ಇದೆ, ನಡುವಿನ ತಿಂಗಳುಗಳು ಇಲ್ಲ ಎಂದಾದರೆ ಅದು ತಡವಲ್ಲ. ಶಾಖೆಯವರು ಇದನ್ನು ಗ್ಯಾಪ್ ಎನ್ನುತ್ತಾರೆ. ನಂತರದ ಕಂತುಗಳು ಜಮಾ ಆಗುತ್ತಲೇ ಇದ್ದರೂ ಈ ಗ್ಯಾಪ್ ತಾನಾಗಿ ಮುಚ್ಚುವುದಿಲ್ಲ. ತೆರಿಗೆಯ ಮಾತು ಬಿಟ್ಟರೂ, ಮುಂದೆ ಸಾಲ ತೆಗೆಯುವಾಗ ಅಥವಾ ಮೆಚ್ಯೂರಿಟಿ ಹಣ ಬರುವಾಗ ಗ್ಯಾಪ್ ಕಂತನ್ನು ಬಡ್ಡಿ ಸಮೇತ ಹಿಡಿದುಕೊಳ್ಳುತ್ತಾರೆ. ಹೊಸ ತೆರಿಗೆ ಪದ್ಧತಿಯಲ್ಲಿ 80ಸಿ ವಿನಾಯಿತಿಯೇ ಇಲ್ಲ, ನನಗೇಕೆ ಪ್ರಮಾಣಪತ್ರ ಎಂದುಕೊಳ್ಳುವವರೂ ವರ್ಷಕ್ಕೊಮ್ಮೆ ತೆಗೆದು ನೋಡಬೇಕು ಎನ್ನುವುದು ಇದಕ್ಕೇ.

ಪೋರ್ಟಲ್‌ನಲ್ಲಿ ಪಾಲಿಸಿಯೇ ಸಿಗುತ್ತಿಲ್ಲ ಎಂಬ ದೂರೂ ಇದೆ. licindia.in ನಲ್ಲಿ ಗ್ರಾಹಕರಾಗಿ ನೋಂದಾಯಿಸುವಾಗ ಪಾಲಿಸಿ ಸಂಖ್ಯೆ, ಹುಟ್ಟಿದ ದಿನಾಂಕ, ಕಂತಿನ ಮೊತ್ತ ಕೇಳುತ್ತದೆ. ಕಂತಿನ ಮೊತ್ತ ಎಂದರೆ ತೆರಿಗೆ ಸೇರಿಸದ ಮೂಲ ಕಂತು. ಹಳೆಯ ಸಂಬಳದ ಚೀಟಿ ನೋಡಿ ಜಿಎಸ್‌ಟಿ ಸೇರಿದ ಮೊತ್ತ ತುಂಬಿದರೆ ವಿವರ ಹೊಂದುತ್ತಿಲ್ಲ ಎಂದು ಹಿಂದಕ್ಕೆ ಕಳಿಸುತ್ತದೆ. ಪಾಲಿಸಿ ಬಾಂಡಿನ ಮೊದಲ ಪುಟದಲ್ಲಿರುವ ಕಂತನ್ನೇ ತುಂಬಿ. ಅಷ್ಟಾದರೂ ಆಗದಿದ್ದರೆ ಬಾಂಡಿನಲ್ಲಿ ಹುಟ್ಟಿದ ದಿನಾಂಕ ಹೇಗೆ ನಮೂದಾಗಿದೆ ನೋಡಿ.

ಹಣ ನಿಲ್ಲುವ ಮೂರು ಜಾಗ

ಎಸ್‌ಎಸ್‌ಎಸ್ ಕಂತು ಮೂರು ಹಂತ ದಾಟಬೇಕು: ಸಂಬಳದಲ್ಲಿ ಕಡಿತ, ಕಚೇರಿಯಿಂದ ಎಲ್‌ಐಸಿಗೆ ರವಾನೆ, ಶಾಖೆಯಲ್ಲಿ ಪಾಲಿಸಿಗೆ ಜಮಾ. ಯಾವ ಹಂತದಲ್ಲಿ ನಿಂತಿದೆ ಎಂಬುದರ ಮೇಲೆ ಯಾರಿಗೆ ಪತ್ರ, ತೆರಿಗೆಯಲ್ಲಿ ಎಷ್ಟು ತೋರಿಸಬಹುದು, ಕೈಯಿಂದ ಕಟ್ಟಬೇಕೇ ಬೇಡವೇ ಎಲ್ಲವೂ ಬದಲಾಗುತ್ತವೆ.

ಸಂಬಳದಲ್ಲೇ ಕಡಿತ ಆಗಿಲ್ಲವೇ ಎಂಬುದು ಆ ತಿಂಗಳ ಚೀಟಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಅರ್ಧ ಸಂಬಳದ ರಜೆ, ಸಂಬಳರಹಿತ ರಜೆ, ವರ್ಗಾವಣೆಯಾದ ತಿಂಗಳು, ಬಾಕಿ ವೇತನ ಒಟ್ಟಿಗೆ ಸೆಳೆದ ತಿಂಗಳು, ಇವುಗಳಲ್ಲಿ ಕಡಿತ ಬಿಟ್ಟುಹೋಗುವುದು ಹೆಚ್ಚು. ಇಲ್ಲಿ ತಪ್ಪು ಯಾರ ಪುಸ್ತಕದಲ್ಲೂ ಇಲ್ಲ. ಕಂತು ನಿಜವಾಗಿಯೂ ಬಾಕಿ. ಶಾಖೆಯಲ್ಲಿ ಗ್ಯಾಪ್ ಕಂತಿನ ಮೊತ್ತ ಕೇಳಿ ಕಟ್ಟಬೇಕು. ಆದರೆ 80ಸಿ ಲೆಕ್ಕ ಕಂತು ಯಾವ ತಿಂಗಳದ್ದು ಎಂದು ಕೇಳುವುದಿಲ್ಲ, ಯಾವ ವರ್ಷ ಕಟ್ಟಿದಿರಿ ಎಂದು ಕೇಳುತ್ತದೆ. 2025ರ ಅಕ್ಟೋಬರ್ ಕಂತನ್ನು 2026ರ ಜೂನ್‌ನಲ್ಲಿ ಕಟ್ಟಿದರೆ ಅದು 2026-27ರ ಲೆಕ್ಕಕ್ಕೆ ಸೇರುತ್ತದೆ, 2025-26ರ ರಿಟರ್ನ್‌ನಲ್ಲಿ ತೋರಿಸುವಂತಿಲ್ಲ.

ಕಡಿತವಾಗಿದ್ದೂ ರವಾನೆಯಾಗಿಲ್ಲವೇ ಎಂಬುದನ್ನು ಸಂಬಳ ಬಟವಾಡೆ ಅಧಿಕಾರಿಯ ಕಚೇರಿಯಲ್ಲಿ, ಅಂದರೆ ಡಿಡಿಓ ಬಳಿ ನೋಡಬೇಕು. ಪ್ರತಿ ತಿಂಗಳ ವೇತನ ಬಿಲ್ಲಿಗೆ ಎಲ್‌ಐಸಿ ಕಡಿತದ ಷೆಡ್ಯೂಲ್ ಇರುತ್ತದೆ. ಅದರಲ್ಲಿ ನೌಕರರ ಹೆಸರು, ಪಾಲಿಸಿ ಸಂಖ್ಯೆ, ಮೊತ್ತ ಸಾಲಾಗಿ ಇರುತ್ತವೆ. ಆ ಷೆಡ್ಯೂಲ್‌ನಲ್ಲಿ ನಿಮ್ಮ ಪಾಲಿಸಿ ಸಂಖ್ಯೆ ಸರಿಯಾಗಿದೆಯೇ ಎಂದು ಅಂಕಿ ಅಂಕಿಯಾಗಿ ಓದಿ. ಒಂಬತ್ತು ಅಂಕಿಯಲ್ಲಿ ಒಂದು ತಪ್ಪಿದರೂ ಹಣ ನಿಮ್ಮ ಪಾಲಿಸಿಗೆ ಬರುವುದಿಲ್ಲ. ನಂತರ ಆ ತಿಂಗಳ ಒಟ್ಟು ಮೊತ್ತ ಎಲ್‌ಐಸಿಗೆ ಯಾವ ದಿನ, ಯಾವ ಯುಟಿಆರ್ ಅಥವಾ ಚೆಕ್ ಸಂಖ್ಯೆಯಲ್ಲಿ ಹೋಯಿತು ಎಂದು ಕೇಳಿ. ಆ ಸಂಖ್ಯೆ ಸಿಕ್ಕರೆ ರವಾನೆಯಾಗಿದೆ ಎಂದರ್ಥ. ಸಿಗದಿದ್ದರೆ ಹುಡುಕಾಟ ಅಲ್ಲೇ ಮುಂದುವರಿಯಬೇಕು; ಶಾಖೆಗೆ ಓಡಾಡಿ ಪ್ರಯೋಜನವಿಲ್ಲ.

ರವಾನೆಯಾಗಿದ್ದೂ ಜಮಾ ಆಗಿಲ್ಲ ಎನ್ನುವುದು ವರ್ಗಾವಣೆಯ ನಂತರ ಹೆಚ್ಚಾಗಿ ಕಾಣುವ ತೊಂದರೆ. ಎಲ್‌ಐಸಿ ಪ್ರತಿಯೊಂದು ಕಚೇರಿಗೂ ಒಂದು ಪಿಎ ಕೋಡ್ ಕೊಟ್ಟಿರುತ್ತದೆ. ಆ ಕಚೇರಿಯಿಂದ ಯಾವ ಯಾವ ಪಾಲಿಸಿಗೆ ಎಷ್ಟು ಬರಬೇಕು ಎಂಬ ಬೇಡಿಕೆ ಪಟ್ಟಿ ಆ ಕೋಡಿನ ಮೇಲೆ ತಯಾರಾಗುತ್ತದೆ. ನೌಕರ ಊರು ಬದಲಿಸಿದರೂ ಪಾಲಿಸಿ ಹಳೆಯ ಕೋಡಿನಲ್ಲೇ ಉಳಿದರೆ ಹಳೆಯ ಕಚೇರಿ "ಈ ನೌಕರರು ಇಲ್ಲಿಲ್ಲ" ಎಂದು ಕಡಿಮೆ ಹಣ ಕಳಿಸುತ್ತದೆ, ಹೊಸ ಕಚೇರಿ ಪಟ್ಟಿಯಲ್ಲಿಲ್ಲದ ಪಾಲಿಸಿಗೆ ಹೆಚ್ಚುವರಿ ಹಣ ಕಳಿಸುತ್ತದೆ. ಎರಡಕ್ಕೂ ತಾಳೆಯಾಗದ ಆ ಹಣ ಶಾಖೆಯಲ್ಲಿ ಡಿಪಾಸಿಟ್ ಆಗಿ ಕೂರುತ್ತದೆ. ಎಲ್‌ಐಸಿಗೆ ಹಣ ಮುಟ್ಟಿದೆ. ನಿಮ್ಮ ಪಾಲಿಸಿಗೆ ಮಾತ್ರ ಮುಟ್ಟಿಲ್ಲ. ಈ ಸ್ಥಿತಿಯಲ್ಲಿ ಗಾಬರಿಯಿಂದ ಗ್ಯಾಪ್ ಕಂತನ್ನು ಕೈಯಿಂದ ಕಟ್ಟಿಬಿಟ್ಟರೆ ಒಂದೇ ತಿಂಗಳಿಗೆ ಎರಡು ಸಲ ಕಟ್ಟಿದಂತಾಗುತ್ತದೆ, ಆಮೇಲೆ ಒಂದನ್ನು ವಾಪಸ್ ಪಡೆಯಲು ಇನ್ನೊಂದು ಸುತ್ತಿನ ಪತ್ರ ವ್ಯವಹಾರ. ಡಿಡಿಓ ಬಳಿ ಷೆಡ್ಯೂಲ್ ನೋಡುವವರೆಗೆ ಕೌಂಟರಿನಲ್ಲಿ ಹಣ ಕಟ್ಟಬೇಡಿ.

ಒಂದು ಲೆಕ್ಕ ಬಿಡಿಸಿ ನೋಡೋಣ

ಒಬ್ಬ ಪ್ರೌಢಶಾಲಾ ಶಿಕ್ಷಕಿ 2025ರ ಜುಲೈ ಕೊನೆಗೆ ಚಾಮರಾಜನಗರದಿಂದ ಹಾಸನಕ್ಕೆ ವರ್ಗಾವಣೆಯಾದರು ಎಂದಿಟ್ಟುಕೊಳ್ಳಿ. ಪಾಲಿಸಿಯ ವಿಮಾ ಮೊತ್ತ 4,00,000 ರೂಪಾಯಿ, ತಿಂಗಳ ಮೂಲ ಕಂತು 2,000. ಶೇ 2.25 ಜಿಎಸ್‌ಟಿ ಸೇರಿ 2,045 ಕಡಿತವಾಗುತ್ತಿತ್ತು. ವೈಯಕ್ತಿಕ ಜೀವ ವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ವಿನಾಯಿತಿ ಬಂದ ಮೇಲೆ ಅಕ್ಟೋಬರ್‌ನಿಂದ 2,000. ಚೀಟಿಗಳ ಪ್ರಕಾರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 12,270, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ 12,000, ಒಟ್ಟು 24,270.

ಪ್ರಮಾಣಪತ್ರದಲ್ಲಿ ಇರುವುದು 18,180. ವ್ಯತ್ಯಾಸ 6,090. ಈ ವ್ಯತ್ಯಾಸವನ್ನು 2,000ದಿಂದ ಭಾಗಿಸಿ "ಮೂರು ಕಂತು ಮತ್ತು 90 ರೂಪಾಯಿ" ಎಂದು ತಲೆಕೆಡಿಸಿಕೊಳ್ಳುವವರಿದ್ದಾರೆ. ಆ ವರ್ಷ ಕಂತಿನ ಮೊತ್ತವೇ ನಡುವೆ ಬದಲಾಗಿದ್ದರಿಂದ ಭಾಗಾಕಾರ ಕೆಲಸಕ್ಕೆ ಬಾರದು. ತಿಂಗಳುಗಳನ್ನು ಒಂದರ ಕೆಳಗೊಂದು ಬರೆದು ಹೊಂದಿಸಬೇಕು. ಹಾಗೆ ಹೊಂದಿಸಿದಾಗ ಆಗಸ್ಟ್ 2,045, ಸೆಪ್ಟೆಂಬರ್ 2,045, ಅಕ್ಟೋಬರ್ 2,000 ಇಲ್ಲದಿರುವುದು ಕಂಡಿತು. ಮೂರೂ ವರ್ಗಾವಣೆಯ ಬೆನ್ನಿಗೇ ಬಂದ ತಿಂಗಳುಗಳು, ನವೆಂಬರ್‌ನಿಂದ ಸರಿಯಾಗಿದೆ. ಅಂದರೆ ನವೆಂಬರ್ ಹೊತ್ತಿಗೆ ಪಿಎ ಕೋಡ್ ಬದಲಾಗಿದೆ, ಅದಕ್ಕೆ ಮುಂಚಿನ ಮೂರು ತಿಂಗಳ ಹಣ ಹಿಂದೆಯೇ ನಿಂತಿದೆ ಎಂದು ಬಲವಾಗಿ ಅನುಮಾನಿಸಬಹುದು.

ಹಾಸನದ ಡಿಡಿಓ ಕಚೇರಿಯಲ್ಲಿ ಆ ಮೂರು ಷೆಡ್ಯೂಲ್‌ಗಳನ್ನು ತೆಗೆಸಿ, ರವಾನೆಯ ದಿನಾಂಕ ಮತ್ತು ಯುಟಿಆರ್ ಸಿಕ್ಕರೆ ದೋಷ ಮೂರನೆಯ ಹಂತದ್ದು ಎಂದು ಖಚಿತವಾಯಿತು. ಈಗ ಡಿಡಿಓ ಅವರಿಂದ ಒಂದು ಕಡಿತ ಪ್ರಮಾಣಪತ್ರ ಬೇಕು. ಅದರಲ್ಲಿ ಪಾಲಿಸಿ ಸಂಖ್ಯೆ, ತಿಂಗಳು, ಮೊತ್ತ, ಬಿಲ್ ಸಂಖ್ಯೆ, ರವಾನೆ ದಿನಾಂಕ, ಯುಟಿಆರ್, ಕಚೇರಿಯ ಪಿಎ ಕೋಡ್ ಇರಬೇಕು, ಸಹಿಯ ಜೊತೆ ಮೊಹರೂ ಇರಬೇಕು. "ನಿಯಮಾನುಸಾರ ಕಡಿತ ಮಾಡಲಾಗಿದೆ" ಎಂಬ ಒಕ್ಕಣೆ ಮಾತ್ರ ಇರುವ ಪ್ರಮಾಣಪತ್ರದಿಂದ ಶಾಖೆಯವರು ಡಿಪಾಸಿಟ್ ಲೆಕ್ಕದಲ್ಲಿ ಹಣ ಹುಡುಕಲಾರರು. ಅವರಿಗೆ ಬೇಕಾದ ಕೊಂಡಿ ಯುಟಿಆರ್ ಮತ್ತು ದಿನಾಂಕ.

ಪತ್ರ

ಪತ್ರ ಹೋಗಬೇಕಾದದ್ದು ಈಗ ಪಾಲಿಸಿಯ ಲೆಕ್ಕ ಇಟ್ಟಿರುವ ಸರ್ವೀಸಿಂಗ್ ಶಾಖೆಗೆ. ಬಾಂಡ್ ಕೊಟ್ಟ ಶಾಖೆಯೇ ಅದಾಗಿರಬೇಕೆಂದಿಲ್ಲ. ಬೇರೆ ಶಾಖೆಯಲ್ಲಿ ಸ್ಟೇಟಸ್ ಮುದ್ರಿಸಿ ಕೊಟ್ಟಾರು, ಗ್ಯಾಪ್ ಸರಿಪಡಿಸುವುದು ಸರ್ವೀಸಿಂಗ್ ಶಾಖೆಯೇ. ಸ್ಟೇಟಸ್ ಮುದ್ರಣದಲ್ಲಿ ಶಾಖೆಯ ಸಂಖ್ಯೆ ಇರುತ್ತದೆ.

> ಇಂದ,
> (ಹೆಸರು, ಹುದ್ದೆ, ಕಚೇರಿ, ವಿಳಾಸ, ಮೊಬೈಲ್ ಸಂಖ್ಯೆ)
>
> ದಿನಾಂಕ:
>
> ಗೆ,
> ಶಾಖಾ ವ್ಯವಸ್ಥಾಪಕರು,
> ಭಾರತೀಯ ಜೀವ ವಿಮಾ ನಿಗಮ,
> (ಶಾಖೆ, ಊರು)
> ಗಮನಕ್ಕೆ: ಎಸ್‌ಎಸ್‌ಎಸ್ ವಿಭಾಗ
>
> ಮಾನ್ಯರೇ,
>
> ವಿಷಯ: ಪಾಲಿಸಿ ಸಂಖ್ಯೆ ............ ಗ್ಯಾಪ್ ಕಂತುಗಳ ಜಮಾ, 2025-26ರ ಪ್ರೀಮಿಯಂ ಪಾವತಿ ಪ್ರಮಾಣಪತ್ರ ಮತ್ತು ವಾರ್ಷಿಕ ವಿವರಣಾ ಪಟ್ಟಿ ಕೋರಿ.
>
> ಮೇಲ್ಕಂಡ ಪಾಲಿಸಿಯ ಕಂತು ವೇತನ ಉಳಿತಾಯ ಯೋಜನೆಯಡಿ ನನ್ನ ವೇತನದಿಂದ ಕಡಿತವಾಗುತ್ತಿದೆ. 2025ರ ಜುಲೈ ಅಂತ್ಯಕ್ಕೆ ನಾನು ಪಿಎ ಕೋಡ್ ........ ಇರುವ ಕಚೇರಿಯಿಂದ ಪಿಎ ಕೋಡ್ ........ ಇರುವ ಕಚೇರಿಗೆ ವರ್ಗಾವಣೆಯಾಗಿರುತ್ತೇನೆ. ದಿನಾಂಕ ........ ರಂದು ಪಡೆದ ಪ್ರಮಾಣಪತ್ರದಲ್ಲಿ 18,180 ರೂಪಾಯಿ ಮಾತ್ರ ತೋರಿಸಿದ್ದು, ಆಗಸ್ಟ್ 2025 (2,045), ಸೆಪ್ಟೆಂಬರ್ 2025 (2,045) ಮತ್ತು ಅಕ್ಟೋಬರ್ 2025 (2,000) ಕಂತುಗಳು ಸೇರಿರುವುದಿಲ್ಲ. ಈ ಮೂರೂ ಕಂತುಗಳು ವೇತನದಲ್ಲಿ ಕಡಿತವಾಗಿ ನಿಗಮಕ್ಕೆ ರವಾನೆಯಾಗಿರುವ ಬಗ್ಗೆ ಬಟವಾಡೆ ಅಧಿಕಾರಿಯವರ ಪ್ರಮಾಣಪತ್ರ ಲಗತ್ತಿಸಿದೆ.
>
> ಆದ್ದರಿಂದ,
> 1. ಸದರಿ 6,090 ರೂಪಾಯಿಯನ್ನು ಡಿಪಾಸಿಟ್ ಲೆಕ್ಕದಲ್ಲಿ ಪರಿಶೀಲಿಸಿ, ಹಣ ಸ್ವೀಕೃತವಾದ ದಿನಾಂಕದಿಂದಲೇ ನನ್ನ ಪಾಲಿಸಿಗೆ ಜಮಾ ಮಾಡಬೇಕೆಂದು,
> 2. 1-4-2025ರಿಂದ 31-3-2026ರವರೆಗೆ ಕಂತುವಾರು ಬಾಕಿ ತಿಂಗಳು, ಸ್ವೀಕೃತಿ ದಿನಾಂಕ, ಮೂಲ ಕಂತು, ಜಿಎಸ್‌ಟಿ ಇರುವ ಪರಿಷ್ಕೃತ ಪ್ರಮಾಣಪತ್ರ ನೀಡಬೇಕೆಂದು,
> 3. ಪಾಲಿಸಿ ಆರಂಭದ ದಿನಾಂಕ, ವಿಮಾ ಮೊತ್ತ, ಬೋನಸ್, ಸಾಲವಿದ್ದರೆ ಬಾಕಿ, ಮುಂದಿನ ಕಂತಿನ ದಿನಾಂಕ ತೋರಿಸುವ ವಾರ್ಷಿಕ ವಿವರಣಾ ಪಟ್ಟಿ ನೀಡಬೇಕೆಂದು,
> 4. ಜಮಾ ಸಾಧ್ಯವಿಲ್ಲದಿದ್ದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.
>
> ತಮ್ಮ ವಿಶ್ವಾಸಿ,
> (ಸಹಿ)
>
> ಲಗತ್ತು: ಬಟವಾಡೆ ಅಧಿಕಾರಿಯ ಕಡಿತ ಪ್ರಮಾಣಪತ್ರ, ಮೂರು ತಿಂಗಳ ವೇತನ ಚೀಟಿ ಮತ್ತು ಷೆಡ್ಯೂಲ್, ಈಗಿನ ಪ್ರಮಾಣಪತ್ರದ ಪ್ರತಿ, ವರ್ಗಾವಣೆ ಆದೇಶದ ಪ್ರತಿ.

ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಶಾಖೆಯ ಸ್ವೀಕೃತಿ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಆ ಮೊಹರಿಲ್ಲದೆ ಮುಂದೆ ಯಾವ ದೂರೂ ನಿಲ್ಲುವುದಿಲ್ಲ.

ಕಂತುವಾರು ವಿವರ ಕೇಳುವುದು ಯಾಕೆಂದರೆ, ಒಟ್ಟು ಮೊತ್ತ ಮಾತ್ರ ಇರುವ ಪ್ರಮಾಣಪತ್ರದಲ್ಲಿ ಗ್ಯಾಪ್ ಕಾಣುವುದೇ ಇಲ್ಲ. ಹಿಂದಿನ ಮಾರ್ಚ್ ಕಂತು ಏಪ್ರಿಲ್‌ನಲ್ಲಿ ಜಮಾ ಆಗಿದ್ದರೆ ಒಂದು ಗ್ಯಾಪ್ ಇದ್ದೂ ಹನ್ನೆರಡು ಕಂತಿನ ಮೊತ್ತ ಸರಿಹೊಂದಿದಂತೆ ತೋರಬಹುದು. "ಸ್ವೀಕೃತವಾದ ದಿನಾಂಕದಿಂದಲೇ" ಎಂಬ ಮಾತನ್ನೂ ಬಿಡಬೇಡಿ. ಶಾಖೆಯವರು ಜಮಾ ಮಾಡಿದ ದಿನವನ್ನೇ ಪಾವತಿ ದಿನವೆಂದು ತೋರಿಸಿದರೆ 2025-26ರ ಹಣ ಮುಂದಿನ ವರ್ಷದ ಪ್ರಮಾಣಪತ್ರಕ್ಕೆ ಹೋಗಿಬಿಡುತ್ತದೆ.

ಮೂರನೆಯ ಬೇಡಿಕೆಯ ವಾರ್ಷಿಕ ಪಟ್ಟಿಗೂ ತೆರಿಗೆಯಲ್ಲಿ ಕೆಲಸವಿದೆ. 2012ರ ಏಪ್ರಿಲ್ 1ರಿಂದ ಕೊಟ್ಟ ಪಾಲಿಸಿಗಳಲ್ಲಿ ವಿಮಾ ಮೊತ್ತದ ಶೇ 10ರವರೆಗಿನ ವಾರ್ಷಿಕ ಕಂತಿಗೆ ಮಾತ್ರ 80ಸಿ ಸಿಗುತ್ತದೆ. ಅದಕ್ಕೂ ಮುಂಚೆ ಕೊಟ್ಟವುಗಳಿಗೆ ಶೇ 20. ಬೋನಸ್ಸನ್ನು ವಿಮಾ ಮೊತ್ತಕ್ಕೆ ಸೇರಿಸುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ಮಿತಿ 40,000, ಕಂತು 24,270, ಹಾಗಾಗಿ ಪೂರ್ತಿ ಸಿಗುತ್ತದೆ. ಎಲ್ಲ ಹೂಡಿಕೆ ಸೇರಿ 1,50,000 ಮೀರದಿರಬೇಕು ಎಂಬುದು ಬೇರೆ ಮಿತಿ.

ಪರಿಷ್ಕೃತ ಪ್ರಮಾಣಪತ್ರ ಜುಲೈ ಒಳಗೆ ಬರದಿದ್ದರೆ

ಹಳೆಯ ಪದ್ಧತಿ ಆರಿಸಿಕೊಳ್ಳುವವರು ರಿಟರ್ನ್ ತಡಮಾಡಬಾರದು. ಗಡುವು ದಾಟಿದ ರಿಟರ್ನ್‌ನಲ್ಲಿ ಹಳೆಯ ಪದ್ಧತಿಯ ಆಯ್ಕೆಯೇ ಇರುವುದಿಲ್ಲ, ಆಗ 80ಸಿ ಪೂರ್ತಿ ಹೋಗುತ್ತದೆ. 6,090 ರೂಪಾಯಿಗಾಗಿ ಕಾದು ಇಡೀ ವಿನಾಯಿತಿ ಕಳೆದುಕೊಳ್ಳಬೇಡಿ.

ಮೂರನೆಯ ಹಂತದ ದೋಷವಾದರೆ ಹಣ ಮಾರ್ಚ್ 31ರೊಳಗೆ ನಿಗಮಕ್ಕೆ ಮುಟ್ಟಿದ್ದಕ್ಕೆ ಡಿಡಿಓ ಪ್ರಮಾಣಪತ್ರ ಮತ್ತು ಯುಟಿಆರ್ ಆಧಾರವಾಗಿ ನಿಮ್ಮ ಬಳಿ ಇವೆ. 24,270 ತೋರಿಸಿ, ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಫಾರಂ 16ರಲ್ಲೂ ಕಚೇರಿ ಇದೇ ಮೊತ್ತ ತೋರಿಸಿರುತ್ತದೆ. ಎರಡನೆಯ ಹಂತದ್ದಾದರೆ, ಅಂದರೆ ಕಚೇರಿಯೇ ರವಾನಿಸಿಲ್ಲದಿದ್ದರೆ, ಪ್ರಮಾಣಪತ್ರದಲ್ಲಿ ಇರುವಷ್ಟನ್ನೇ ತೋರಿಸುವುದು ಕ್ಷೇಮ. ಆ ವರ್ಷದೊಳಗೇ ಹಣ ಮುಟ್ಟಿತ್ತು ಎಂದು ನಂತರ ದಾಖಲೆ ಸಿಕ್ಕರೆ ಪರಿಷ್ಕೃತ ರಿಟರ್ನ್ ಸಲ್ಲಿಸಬಹುದು. 2025ರಲ್ಲಿ ಸಲ್ಲಿಸಿದ ರಿಟರ್ನ್‌ನಿಂದಲೂ ನಮೂನೆ 80ಸಿ ಮೊತ್ತದ ಎದುರು ಪಾಲಿಸಿ ಸಂಖ್ಯೆಯನ್ನೂ ಕೇಳುತ್ತಿದೆ. ಅಲ್ಲಿ ಒಟ್ಟು ಮೊತ್ತ ಹಾಕದೆ ಪಾಲಿಸಿಗೊಂದು ಸಾಲು ತುಂಬಿ.

ಕಚೇರಿ ರವಾನಿಸದೆ ಉಳಿಸಿಕೊಂಡ ಅವಧಿಯಲ್ಲೇ ನೌಕರರಿಗೆ ಏನಾದರೂ ಆದರೆ ಕುಟುಂಬ ಬರಿಗೈಯಲ್ಲಿ ಉಳಿಯಬೇಕಿಲ್ಲ. ವೇತನ ಉಳಿತಾಯ ಯೋಜನೆಯಲ್ಲಿ ಕಂತು ಸಂಗ್ರಹಿಸುವ ಮಟ್ಟಿಗೆ ಉದ್ಯೋಗದಾತ ಎಲ್‌ಐಸಿಯ ಏಜೆಂಟನಂತೆಯೇ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ದೆಹಲಿ ವಿದ್ಯುತ್ ಸರಬರಾಜು ಸಂಸ್ಥೆಯ ನೌಕರರೊಬ್ಬರ ಪ್ರಕರಣದಲ್ಲಿ ಹೇಳಿದೆ. ಕಡಿತ ತೋರಿಸುವ ಸಂಬಳದ ಚೀಟಿಗಳನ್ನು ಪಾಲಿಸಿ ಬಾಂಡಿನ ಜೊತೆಗೇ ಇಡಿ ಎನ್ನುವುದು ಅದಕ್ಕೆ.

ಶಾಖೆಯಿಂದ ಉತ್ತರ ಬರದಿದ್ದರೆ ವಿಭಾಗೀಯ ಕಚೇರಿಯ ಕುಂದುಕೊರತೆ ಅಧಿಕಾರಿಗೆ ಸ್ವೀಕೃತಿ ಮೊಹರಿರುವ ಪ್ರತಿಯೊಡನೆ ಬರೆಯಿರಿ. ಐಆರ್‌ಡಿಎಐ ನಡೆಸುವ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗುವ ದಾರಿ ಇದೆ. ಗ್ಯಾಪ್ ಮುಚ್ಚಿದ ಮೇಲೆ ಸ್ಟೇಟಸ್ ಮುದ್ರಣವನ್ನು ಮತ್ತೊಮ್ಮೆ ಪಡೆದು, ಮೂರು ತಿಂಗಳೂ ಸೇರಿವೆಯೇ ಮತ್ತು ಪಿಎ ಕೋಡ್ ಈಗಿನ ಕಚೇರಿಯದೇ ಎಂದು ನೋಡಿ. ಕೋಡ್ ಹಳೆಯದೇ ಉಳಿದಿದ್ದರೆ ಮುಂದಿನ ತಿಂಗಳೇ ಹೊಸ ಗ್ಯಾಪ್ ಶುರುವಾಗುತ್ತದೆ.